ಥೆರಪಿ ನಿಲ್ಲಿಸುತ್ತಿರುವ ವಿಷಯ ಮಗುವಿಗೆ ಗೊತ್ತೇ?

"ಮೇಡಂ, ಅವನೀಗ ಆರಾಮಾಗಿ ಸ್ಕೂಲಿಗೆ ಹೋಗ್ತಿದ್ದಾನೆ. ಮುಂದಿನ ವಾರದಿಂದ ಬರಲ್ಲ." ಇಂಥ ವಾಟ್ಸ್‌ಆ್ಯಪ್ ಸಂದೇಶ ಬಂದಾಗಲೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ: ಅವನಿಗೆ ಹೇಳಿದ್ದೀರಾ? "ಚಿಕ್ಕ ಮಗು, ಅವನಿಗೇನು ಹೇಳೋದು" ಎಂಬ ಉತ್ತರವೇ ಹೆಚ್ಚು.

ಭಯ, ಆತಂಕ, ಶಾಲೆಗೆ ಹೋಗಲ್ಲ ಎಂಬ ಹಟ, ಮನೆಯಲ್ಲಾದ ಸಾವಿನ ದುಃಖ ಇಂಥವುಗಳಿಗೆ ವಾರಕ್ಕೊಮ್ಮೆ ನಡೆಯುವ ಮಾತು ಮತ್ತು ಆಟದ ಥೆರಪಿಯ ಬಗ್ಗೆ ಈ ಬರಹ. ಆತಂಕಕ್ಕೆ ಸಾಮಾನ್ಯವಾಗಿ 12ರಿಂದ 16 ಸೆಷನ್ ಹಿಡಿಯುತ್ತದೆ. ಆಟಿಸಂ, ಮಾತಿನ ತೊಂದರೆಗಳ ಥೆರಪಿಯ ಲೆಕ್ಕ ಬೇರೆ. ಅದನ್ನು ಇದಕ್ಕೆ ಬೆರೆಸಬೇಡಿ.

ಹಲವು ಮಕ್ಕಳ ಕಥೆ ಸೇರಿಸಿ ಒಬ್ಬ ಹುಡುಗನನ್ನು ಮಾಡಿಕೊಳ್ಳೋಣ. ಮೂರನೇ ತರಗತಿ. ಅಜ್ಜಿ ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಹೊಟ್ಟೆನೋವು, ಶಾಲೆ ಬೇಡ, ಹೋದರೂ ಅಮ್ಮ ಗೇಟಿನ ಹತ್ತಿರವೇ ಕೂತಿರಬೇಕು. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ ದೇಹದಲ್ಲಿ ತೊಂದರೆಯಿಲ್ಲ ಎಂದ ಮೇಲೆ ಥೆರಪಿ ಶುರುವಾಯಿತು. ಮೊದಲ ದಿನ ಬರೆದುಕೊಂಡ ಗುರಿ ಮೂರು: ಅಮ್ಮ ಕಾಯದೆ ಶಾಲೆಗೆ ಹೋಗುವುದು, ತನ್ನ ಹಾಸಿಗೆಯಲ್ಲಿ ಮಲಗುವುದು, ಅಜ್ಜಿಯ ಮಾತು ಬಂದಾಗ ಎದ್ದು ಓಡದಿರುವುದು.

ನಿಲ್ಲಿಸಬಹುದೇ ಎಂದು ನೋಡುವಾಗ ಆ ಹಾಳೆಯನ್ನೇ ತೆಗೆಯಿರಿ. ಹುಡುಗ ನಗುತ್ತಿದ್ದಾನೆ ಎಂಬುದು ಸಾಲದು. ಹತ್ತನೇ ಸೆಷನ್ ಹೊತ್ತಿಗೆ ಅವನು ಶಾಲೆಗೇನೋ ಹೋಗುತ್ತಿದ್ದ, ಆದರೆ ಅಜ್ಜಿಯ ಫೋಟೊ ಇರುವ ಕೋಣೆಗೆ ಕಾಲಿಡುತ್ತಿರಲಿಲ್ಲ. ಮೂರನೆಯ ಗುರಿ ಹಾಗೇ ಉಳಿದಿತ್ತು. ಬದಲಾವಣೆ ಆರೆಂಟು ವಾರ ನಿಂತಿರಬೇಕು; ಮನೆಯವರ ಮಾತಿನ ಜೊತೆಗೆ ಕ್ಲಾಸ್ ಟೀಚರ್ ಮಾತೂ ಬೇಕು. ದಸರಾ ರಜೆಯಲ್ಲೋ ಬೇಸಿಗೆ ರಜೆಯಲ್ಲೋ ಈ ತೀರ್ಮಾನ ಮಾಡಲೇಬೇಡಿ. ಶಾಲೆ ಇಲ್ಲದಾಗ ಶಾಲೆಯ ಭಯವೂ ಇರುವುದಿಲ್ಲ. ರಜೆ ಮುಗಿದ ಮೊದಲ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಅವನು ಹೇಗಿದ್ದಾನೆ ಎಂಬುದೇ ಪರೀಕ್ಷೆ.

ಇನ್ನೊಂದು ಗುರುತು ತಾಯಿತಂದೆಯಲ್ಲಿ ಕಾಣಬೇಕು. "ಅಮ್ಮಾ, ನಿನಗೇನೂ ಆಗಲ್ಲ ತಾನೇ?" ಎಂದು ಅವನು ಹತ್ತು ಸಲ ಕೇಳಿದರೆ ಮೊದಲು ಹತ್ತು ಸಲವೂ "ಆಗಲ್ಲ" ಅನ್ನುತ್ತಿದ್ದ ಅಮ್ಮ, ಈಗ ಒಮ್ಮೆ ಉತ್ತರ ಕೊಟ್ಟು, "ಚಿಂತೆ ಮತ್ತೆ ಬಂತಾ? ಬಂದಾಗ ಏನು ಮಾಡ್ಬೇಕು ಅಂತ ಕಲಿತಿದ್ದೀಯ?" ಎಂದು ಕೇಳುತ್ತಾರೆಯೇ? ಹಾಗಿದ್ದರೆ ಥೆರಪಿಯ ಕೆಲಸ ಮನೆಗೆ ದಾಟಿದೆ. ಎಂಟು ಹತ್ತು ಸೆಷನ್ ಆದರೂ ಏನೂ ಬದಲಾಗದಿದ್ದರೆ ಅದು ಬೇರೆ ಮಾತು. ಸುಮ್ಮನೆ ಬಿಡುವ ಬದಲು ಥೆರಪಿಸ್ಟ್‌ಗೇ ನೇರವಾಗಿ ಹೇಳಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಕೊನೆಯ ದಿನಕ್ಕಿಂತ ಮೂರು ನಾಲ್ಕು ಸೆಷನ್ ಮೊದಲೇ ಮಗುವಿಗೆ ವಿಷಯ ಗೊತ್ತಾಗಬೇಕು. ನಮ್ಮ ಹುಡುಗನ ಮನೆಯಲ್ಲಿ ಅಜ್ಜಿ ತೀರಿಕೊಂಡಾಗ ದೊಡ್ಡವರು ಅವನಿಗೆ ಹೇಳಿದ್ದು "ಅಜ್ಜಿ ಊರಿಗೆ ಹೋಗಿದ್ದಾರೆ" ಎಂದು. ಈಗ ಥೆರಪಿ ನಿಲ್ಲಿಸುವಾಗಲೂ "ಮಿಸ್ ಊರಿಗೆ ಹೋಗಿದ್ದಾರೆ ಪುಟ್ಟಾ" ಅಂದರೆ? ತಿಂಗಳುಗಟ್ಟಲೆ ತನ್ನ ಗುಟ್ಟೆಲ್ಲ ಹೇಳಿಕೊಂಡ ಇನ್ನೊಬ್ಬರೂ ಹೇಳದೆ ಕೇಳದೆ ಮಾಯವಾದರು. ಮಕ್ಕಳು ಇಂಥದಕ್ಕೆ ಕಾರಣವನ್ನು ತಮ್ಮಲ್ಲೇ ಹುಡುಕುತ್ತಾರೆ: ಆ ದಿನ ಗೊಂಬೆಯ ಕೈ ಮುರಿದೆನಲ್ಲ, ಅದಕ್ಕೇ ಮಿಸ್‌ಗೆ ಸಿಟ್ಟು ಬಂತು. ಎರಡು ವರ್ಷದ ಮೇಲೆ ತಂಗಿಯನ್ನು ಕರೆತಂದಾಗ ಬಾಗಿಲಲ್ಲೇ ನಿಂತು "ಸಾರಿ ಮಿಸ್" ಎಂದ ಮಗುವನ್ನು ನಾನು ನೋಡಿದ್ದೇನೆ. ಯಾಕೆ ಸಾರಿ ಎಂದು ತಾಯಿಗೆ ಅರ್ಥವಾಗಲಿಲ್ಲ.

ಇದರದೇ ಇನ್ನೊಂದು ರೂಪ: "ನೀನೀಗ ಒಳ್ಳೆ ಹುಡುಗ ಆಗಿದ್ದೀಯ, ಅದಕ್ಕೆ ಇನ್ನು ಹೋಗೋದು ಬೇಡ." ಮೊದಲು ಕೆಟ್ಟವನಿದ್ದೆ ಎಂದಾಯಿತು, ಮಿಸ್ ಬೇಕೆಂದರೆ ಹೊಟ್ಟೆನೋವು ಬರಿಸಿಕೊಂಡರಾಯಿತು ಎಂದೂ ಆಯಿತು. ಹೀಗೆ ಹೇಳಿ: "ಹೊಟ್ಟೆನೋವು ಬಂದಾಗ ಏನು ಮಾಡ್ಬೇಕು ಅಂತ ನೀನು ಕಲಿತಿದ್ದೀಯ. ಇನ್ನು ನಾಲ್ಕು ಸಲ ಮಿಸ್ ಹತ್ರ ಹೋಗ್ತೀವಿ, ನಾಲ್ಕನೇ ಸಲ ಟಾಟಾ ಹೇಳಿ ಬರ್ತೀವಿ." ಎಂಟು ವರ್ಷದವನಿಗೆ ಎರಡು ತಿಂಗಳು ಎಂದರೆ ಅಂದಾಜಾಗುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕು ಸುತ್ತು ಹಾಕಿ, ಬಂದ ದಿನ ಅವನೇ ಒಂದಕ್ಕೆ ಬಣ್ಣ ತುಂಬಲಿ. ಬೇಜಾರಾದರೆ, ಸಿಟ್ಟು ಬಂದರೆ ಸಮಾಧಾನಕ್ಕೆ ಚಾಕೊಲೇಟ್ ಹಿಡಿಸಬೇಡಿ, ಬೇಜಾರಾಗಲಿ ಬಿಡಿ.

ಆ ನಾಲ್ಕು ಸೆಷನ್‌ಗಳನ್ನು ಒತ್ತೊತ್ತಾಗಿ ಮುಗಿಸಬೇಡಿ. ಮೊದಲನೆಯದು ಮಾಮೂಲಿನಂತೆ; ಎರಡನೆಯದಕ್ಕೂ ಮೂರನೆಯದಕ್ಕೂ ತಲಾ ಹದಿನೈದು ದಿನ ಅಂತರ; ಕೊನೆಯದು ಒಂದು ತಿಂಗಳ ಮೇಲೆ. ನಡುವಿನ ಖಾಲಿ ವಾರಗಳೇ ರಿಹರ್ಸಲ್. ಫೀಸು ಕಷ್ಟವಾದ್ದರಿಂದ ನಿಲ್ಲಿಸುತ್ತಿದ್ದರೆ ಸಂಕೋಚ ಬಿಟ್ಟು ಹೇಳಿ. ನಾಲ್ಕಾಗದಿದ್ದರೆ ಒಂದಾದರೂ ವಿದಾಯದ ಸೆಷನ್ ಕೇಳಿ ಪಡೆಯಿರಿ.

ಎರಡನೇ ಸುತ್ತಿಗೆ ಬಣ್ಣ ತುಂಬುವ ಹೊತ್ತಿಗೆ ಹೊಟ್ಟೆನೋವು ಮರಳಿ ಬರಬಹುದು. ನಮ್ಮ ಹುಡುಗನಿಗೂ ಬಂತು, ಮೂರು ದಿನ ಬೆಳಿಗ್ಗೆ ಸಾಲಾಗಿ. ಮನೆಯವರು ಹೆದರಿ ಮತ್ತೆ ವಾರಕ್ಕೊಮ್ಮೆ ಬರುತ್ತೇವೆ ಎಂದರು. ಬೇಡ ಎಂದೆ. ಅಗಲಿಕೆ ಹತ್ತಿರ ಬಂದಾಗ ಹಳೆಯ ಲಕ್ಷಣ ಒಮ್ಮೆ ಇಣುಕಿ ನೋಡುವುದು ಸಾಮಾನ್ಯ, ಅದರಲ್ಲೂ ಅಗಲಿಕೆಯಿಂದಲೇ ಕಾಯಿಲೆಬಿದ್ದ ಮಗುವಿನಲ್ಲಿ. ಆಗ ನೋವು ಬಂದ ಹೊತ್ತು, ಎಷ್ಟು ಹೊತ್ತಿತ್ತು, ಶಾಲೆಗೆ ಹೋದನೇ ಇಲ್ಲವೇ ಎಂದು ಬರೆದಿಡಿ, ಕಲಿತ ಉಪಾಯವನ್ನೇ ಮಾಡಿಸಿ, ಶಾಲೆ ಮಾತ್ರ ತಪ್ಪಿಸಬೇಡಿ. ಅವನದು ನಾಲ್ಕನೇ ದಿನಕ್ಕೆ ಇಳಿಯಿತು. ಎರಡು ಮೂರು ವಾರ ಎಳೆದರೆ, ನಿದ್ದೆ ಊಟವೂ ಕೆಟ್ಟರೆ, ಅಥವಾ ಮನೆಯಲ್ಲಿ ಹೊಸದೇನಾದರೂ ಆಗಿದ್ದರೆ ಕೊನೆಯ ದಿನವನ್ನು ಮುಂದೆ ಹಾಕಿ. ಸಾಯುವ ಮಾತು, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಕಂಡರೆ ಮುಗಿಸುವ ಮಾತೇ ಬೇಡ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ತೂಕ ಇಳಿಯುವುದು ಇದ್ದರೆ ಮತ್ತೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಕೊನೆಯ ದಿನ ಕೇಕ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ಹುಟ್ಟುಹಬ್ಬದ ಗಲಾಟೆಯಲ್ಲಿ ಹೇಳಬೇಕಾದ ಮಾತು ಮುಚ್ಚಿಹೋಗುತ್ತದೆ. ಅವನು ಬರೆದ ಚಿತ್ರಗಳನ್ನೆಲ್ಲ ಮೊದಲಿನಿಂದ ಹರಡಿ ನೋಡಿದೆವು. ಹೊಟ್ಟೆಯೊಳಗೆ ಬಡಿಯುವ ಶಾಲೆಯ ಗಂಟೆಯನ್ನು ಮೊದಲ ಚಿತ್ರದಲ್ಲಿ ಹಾಳೆ ತುಂಬ ಬರೆದಿದ್ದ. "ಇಂಥ ಗಂಟೆ ಇರೋ ಇನ್ನೊಬ್ಬ ಹುಡುಗ ಬಂದ್ರೆ ಏನು ಹೇಳ್ಲಿ?" ಎಂದು ಕೇಳಿದ್ದಕ್ಕೆ ಅವನು ಬರೆಸಿದ ಮೂರು ಸಾಲುಗಳೇ ಮನೆಗೆ ಒಯ್ಯುವ ಚೀಟಿಯಾದವು. ಚಿತ್ರಗಳು ಮಗುವಿನವು, ಯಾವುದನ್ನು ಒಯ್ಯಬೇಕು ಎಂದು ಅವನೇ ಆರಿಸಲಿ. ಆ ದಿನ ಅಪ್ಪನೂ ಬರಲಿ, ತಡವಾಗಿ ಬರಬೇಡಿ.

ಜಾಗ ಮುಗಿಯುತ್ತ ಬಂತು, ಉಳಿದದ್ದು ಚುಟುಕಾಗಿ. ಮೂರು ತಿಂಗಳ ಮೇಲೆ ಒಂದು ಭೇಟಿಯನ್ನು ಈಗಲೇ ಗೊತ್ತುಮಾಡಿ. ಟೀಚರಿಗೆ ತಿಳಿಸಿ. ಮಾತ್ರೆ ಇದ್ದರೆ ಥೆರಪಿ ಮುಗಿಯಿತೆಂದು ಅದನ್ನೂ ನಿಲ್ಲಿಸಬೇಡಿ, ಇಳಿಸುವುದು ಡಾಕ್ಟರ ಕೆಲಸ. ಥೆರಪಿಸ್ಟ್ ಸಿಗದ ಹೊತ್ತಿನಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. "ಹಟ ಮಾಡಿದ್ರೆ ಮತ್ತೆ ಆ ಮಿಸ್ ಹತ್ರ ಬಿಟ್ಟು ಬರ್ತೀನಿ" ಎಂದು ಹೆದರಿಸಬೇಡಿ. ಹಾಗೆ ಹೆದರಿಸಿದರೆ, ನಿಜಕ್ಕೂ ಮತ್ತೆ ಬರಬೇಕಾದ ದಿನ ಅವನು ಆಟೋದಿಂದ ಇಳಿಯುವುದಿಲ್ಲ.