ಐಸ್‌ಕ್ರೀಮ್, ಫ್ರೋಜನ್ ಡೆಸರ್ಟ್, ಕುಲ್ಫಿ ಮಿಕ್ಸ್: ಕೊಬ್ಬು ಯಾವುದು ಅಂತ ಲೇಬಲ್‌ನಲ್ಲಿ ನೋಡಿ

ಮನೆಯ ಹಾಲಿನಲ್ಲಿ ಕುಲ್ಫಿ ಮಾಡಿ ಮಾರಬೇಕು ಅಂತಿರುವ ಹೈನುಗಾರರು ನನ್ನನ್ನು ಹೆಚ್ಚಾಗಿ ಕೇಳೋದು ಯಾವ ಮಿಕ್ಸ್ ತರಬೇಕು ಅಂತ. ಕಂಪನಿ ಹೆಸರಿಗಿಂತ ಪೊಟ್ಟಣದ ಹಿಂಬದಿ ಓದಿ ಅಂತೀನಿ ನಾನು.

ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಐಸ್‌ಕ್ರೀಮ್ ಮತ್ತು ಕುಲ್ಫಿ ಒಂದೇ ಗುಂಪಿಗೆ ಸೇರುತ್ತವೆ. ಅವುಗಳ ಕೊಬ್ಬು ಹಾಲಿನದ್ದೇ ಆಗಿರಬೇಕು, ಪೂರ್ಣ ಐಸ್‌ಕ್ರೀಮ್‌ನಲ್ಲಿ ಕನಿಷ್ಠ 10% ಇರಬೇಕು. ಪಾಮ್ ಎಣ್ಣೆಯಂಥ ಸಸ್ಯಜನ್ಯ ಕೊಬ್ಬು ಸೇರಿದರೆ ಅದು ಫ್ರೋಜನ್ ಡೆಸರ್ಟ್. ಅದೇನೂ ವಿಷವಲ್ಲ, ಮಾರಲು ಅನುಮತಿಯೂ ಇದೆ. ಆದರೆ ಐಸ್‌ಕ್ರೀಮ್ ಅಂತ ಹೇಳಿ ಮಾರುವ ಹಾಗಿಲ್ಲ.

ಲೇಬಲ್‌ನಲ್ಲಿ ‘ಇಂಗ್ರೀಡಿಯೆಂಟ್ಸ್’ ಪಟ್ಟಿ ಹುಡುಕಿ. ಹೆಚ್ಚು ತೂಕದ ಪದಾರ್ಥ ಅದರಲ್ಲಿ ಮೊದಲು ಬರುತ್ತದೆ. ‘ಎಡಿಬಲ್ ವೆಜಿಟೆಬಲ್ ಆಯಿಲ್’, ‘ವೆಜಿಟೆಬಲ್ ಫ್ಯಾಟ್’, ‘ಪಾಮೋಲಿನ್’, ಇವುಗಳಲ್ಲಿ ಒಂದಿದ್ದರೂ ಸಾಕು, ಅದು ಐಸ್‌ಕ್ರೀಮ್ ಅಲ್ಲ. ಬಹಳ ಜನ ಮೋಸ ಹೋಗೋದು ‘ಮಿಲ್ಕ್ ಸಾಲಿಡ್ಸ್’ ಅನ್ನೋ ಮಾತಿಗೆ. ಕೆನೆ ತೆಗೆದ ಹಾಲಿನ ಪುಡಿಯೂ ಮಿಲ್ಕ್ ಸಾಲಿಡ್ಸೇ. ಡೈರಿಯ ಲೆಕ್ಕದಲ್ಲಿ ಹೇಳೋದಾದ್ರೆ, ಎಸ್‌ಎನ್‌ಎಫ್ ಹಾಲಿನದ್ದು, ಫ್ಯಾಟ್ ಮಾತ್ರ ಎಣ್ಣೆಯದ್ದು. ಪೋಷಕಾಂಶದ ಪಟ್ಟಿಯಲ್ಲಿರೋ ‘ಟೋಟಲ್ ಫ್ಯಾಟ್’ ಕೂಡ ಕೊಬ್ಬು ಎಷ್ಟು ಅಂತ ಹೇಳುತ್ತದೆಯೇ ಹೊರತು ಎಲ್ಲಿಂದ ಬಂತು ಅಂತ ಹೇಳಲ್ಲ. ಇನ್ನು 471 ಅಂತ ಕಂಡರೆ ಗಾಬರಿ ಬೇಡ. ಅದು ಕೊಬ್ಬು ಮತ್ತು ನೀರನ್ನು ಬೆರೆಸಿ ಹಿಡಿದಿಡುವ ಎಮಲ್ಸಿಫೈಯರ್, ನಿಜವಾದ ಐಸ್‌ಕ್ರೀಮ್‌ನಲ್ಲೂ ಹಾಕ್ತಾರೆ.

ಕುಲ್ಫಿ ಮಿಕ್ಸ್ ಪುಡಿಗಳಲ್ಲಿ ಎರಡು ಥರ ಇವೆ. ಒಂದರಲ್ಲಿ ಸಕ್ಕರೆ, ಹಾಲಿನ ಪುಡಿ, ಕಾರ್ನ್‌ಫ್ಲೋರ್, ಏಲಕ್ಕಿ ಇಷ್ಟೇ ಇದ್ದು, ಕೊಬ್ಬು ನಿಮ್ಮ ಹಾಲಿನಿಂದ ಬರಬೇಕು. ಇನ್ನೊಂದರಲ್ಲಿ ಸಸ್ಯಜನ್ಯ ಕೊಬ್ಬನ್ನೂ ಪುಡಿಯಲ್ಲೇ ಸೇರಿಸಿರ್ತಾರೆ. ಎರಡನೆಯದನ್ನು ಎಷ್ಟೇ ಗಟ್ಟಿ ಎಮ್ಮೆ ಹಾಲಿಗೆ ಹಾಕಿದರೂ ಕುಲ್ಫಿ ಅಂತ ಬರೆಯೋಕಾಗಲ್ಲ.

ಮೊದಲನೆಯದು ಸಿಕ್ಕಿತು ಅನ್ನಿ. 6.5% ಫ್ಯಾಟ್ ಇರುವ ಎಮ್ಮೆ ಹಾಲು 1 ಕೆಜಿ ತಗೊಂಡರೆ ಕೊಬ್ಬು 65 ಗ್ರಾಂ. ಕುದಿಸಿ ಅರ್ಧ ಕೆಜಿಗೆ ಇಳಿಸಿ, ಕೊಬ್ಬಿಲ್ಲದ ಮಿಕ್ಸ್ 100 ಗ್ರಾಂ ಹಾಕಿದರೆ ಒಟ್ಟು 600 ಗ್ರಾಂ ಆಗುತ್ತದೆ. ಅಂದರೆ ಕೊಬ್ಬು ಸುಮಾರು 10.8%, ಪಾಸಾಯ್ತು. ಇದೇ ಅಳತೆಯಲ್ಲಿ 3.5% ಫ್ಯಾಟಿನ ಹಸುವಿನ ಹಾಲು ಹಾಕಿದರೆ 5.8% ಮಾತ್ರ ಬರುತ್ತದೆ. ಅದನ್ನು ‘ಮೀಡಿಯಂ ಫ್ಯಾಟ್’ ಅಂತ ಬರೆದೇ ಮಾರಬೇಕು. ಇಲ್ಲಾಂದ್ರೆ ಸಪರೇಟರ್‌ನಲ್ಲಿ ತೆಗೆದ 40% ಕೊಬ್ಬಿನ ಕೆನೆ 85 ಗ್ರಾಂ ಸೇರಿಸಿ, 10% ಮುಟ್ಟುತ್ತದೆ. ಕುದಿಸಿದ ಮೇಲೆ ಪಾತ್ರೆಯ ತೂಕ ಕಳೆದು ತೂಗಿ. ಕಣ್ಣಂದಾಜಿನಲ್ಲಿ ಅರ್ಧ ಆಯ್ತು ಅಂತ ಇಳಿಸಿದರೆ ನೀರು ಹೆಚ್ಚು ಉಳಿದು ಈ ಲೆಕ್ಕ ತಪ್ಪುತ್ತದೆ, ಕುಲ್ಫಿಯಲ್ಲೂ ಐಸ್ ಹರಳು ಸಿಗುತ್ತೆ.