ಡಬ್ಬಿ ಇಳಿಸಿ ಚೀಟಿ ಬರೆ

ಪುಟ್ಟಿ, ಮೊನ್ನೆ ಫೋನಿನಲ್ಲಿ "ದೊಡ್ಡಮ್ಮ, ದಿನಸಿಗೆ ಎತ್ತಿಟ್ಟ ದುಡ್ಡು ಇಪ್ಪತ್ತನೇ ತಾರೀಖಿಗೇ ಖಾಲಿ" ಅಂದೆಯಲ್ಲ, ಆಗ ನಾನು ಬೆಲೆ ಏರಿದ್ದಕ್ಕೆ ಬೈದು ಫೋನ್ ಇಟ್ಟೆ. ಆಮೇಲೆ ನಿನ್ನ ಅಡುಗೆಮನೆ ನೆನಪಾಯಿತು. ಯುಗಾದಿಗೆ ಬಂದಾಗ ಸಾಸಿವೆ ಹುಡುಕಿದರೆ ಬಾಯಿ ಬಿಚ್ಚಿದ ಮೂರು ಪೊಟ್ಟಣ ಸಿಕ್ಕಿದ್ದವು. ಬೆಲೆ ನಮ್ಮ ಕೈಯಲ್ಲಿಲ್ಲ, ಪೊಟ್ಟಣ ನಮ್ಮ ಕೈಯಲ್ಲಿದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

• ಚೀಟಿಯನ್ನು ಸೋಫಾದ ಮೇಲೆ ಕೂತು ಬರೆಯಬೇಡ. ತಿಂಗಳ ಕೊನೆಯ ಭಾನುವಾರ ಡಬ್ಬಿಗಳನ್ನೆಲ್ಲ ಕೆಳಗಿಳಿಸು. ಹಾಳೆಯಲ್ಲಿ ಮೂರು ಸಾಲು ಹಾಕು: ತಿಂಗಳಿಗೆ ಬೇಕಾದದ್ದು, ಡಬ್ಬಿಯಲ್ಲಿ ಇರುವುದು, ತರಬೇಕಾದದ್ದು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಮೂರನೆಯದು ತಾನೇ ಬರುತ್ತದೆ. ಹೋದ ತಿಂಗಳ ಚೀಟಿಯನ್ನೇ ನೋಡಿ ಮತ್ತೆ ಬರೆದೆಯೋ, ಸಾಸಿವೆಯ ನಾಲ್ಕನೇ ಪೊಟ್ಟಣವೂ ಬರುತ್ತದೆ.

• "ಬೇಕಾದದ್ದು" ಎಷ್ಟು ಅಂತ ತಿಳಿಯಲು ಒಂದು ವಾರ ಅಳೆದು ಹಾಕು, ಸಾಕು. ತೊಗರಿಬೇಳೆಯನ್ನೇ ತೆಗೆದುಕೋ, ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಅದೇ. ನೀವು ನಾಲ್ಕು ಜನ. ನಿನ್ನ ಸಣ್ಣ ಸ್ಟೀಲ್ ಲೋಟದ ತುಂಬ ಬೇಳೆ ತೂಗಿದರೆ ಸುಮಾರು 120 ಗ್ರಾಂ, ಒಂದು ಹೊತ್ತಿನ ಹುಳಿಗೆ ಅಷ್ಟು ಧಾರಾಳ. ತಿಂಗಳಿಗೆ 22 ದಿನ ಹುಳಿಯೋ ಸಾರೋ ಅಂದುಕೊಂಡರೂ ಎರಡೂಮುಕ್ಕಾಲು ಕೆ.ಜಿ. ದಾಟುವುದಿಲ್ಲ. ನೀನು ತರುತ್ತಿರುವುದು ನಾಲ್ಕು ಕೆ.ಜಿ.! ಲೋಟವಿಲ್ಲದೆ ಕೈಯಲ್ಲಿ ಬಾಚಿ ಹಾಕಿದರೆ ಹೀಗೇ ಆಗುವುದು. ಉಳಿದದ್ದನ್ನು ಮಾರನೇ ದಿನ ಯಾರೂ ಮುಟ್ಟುವುದಿಲ್ಲ.

ಈಗ ಬೇಳೆ ಏರಿರುವಾಗ ಆ 22 ದಿನವನ್ನು ಒಡೆ. ಹನ್ನೆರಡು ದಿನ ತೊಗರಿ, ಆರು ದಿನ ಹೆಸರುಬೇಳೆ, ನಾಲ್ಕು ದಿನ ಹುರುಳಿಕಾಳಿನ ಬಸ್ಸಾರು. ತೊಗರಿ ಒಂದೂವರೆ ಕೆ.ಜಿ.ಯೂ ಬೇಡ. ಡಬ್ಬಿಯಲ್ಲಿ ಮುಕ್ಕಾಲು ಕೆ.ಜಿ. ಇದ್ದರೆ ಒಂದು ಕೆ.ಜಿ. ತಂದರೆ ಆಯಿತು. ನಮ್ಮ ಬೀದಿ ಅಂಗಡಿಯ ಲೆಕ್ಕದಲ್ಲಿ ತೊಗರಿ 160 ರೂಪಾಯಿ, 600 ಗ್ರಾಂ ಹೆಸರುಬೇಳೆಗೆ 72, ಅರ್ಧ ಕೆ.ಜಿ. ಹುರುಳಿಗೆ 40. ಒಟ್ಟು 272. ಮೊದಲು ಬರೀ ತೊಗರಿಗೇ 640 ಕೊಡುತ್ತಿದ್ದೆ. ಡಬ್ಬಿಯಲ್ಲಿದ್ದದ್ದು ಪೂರ್ತಿ ಮುಗಿದ ಮೇಲೆ ಉಳಿತಾಯ ಮುನ್ನೂರರ ಹತ್ತಿರಕ್ಕೆ ಇಳಿಯುತ್ತದೆ, ಅದನ್ನು ಮೊದಲೇ ತಿಳಿದಿರು. ಹುರುಳಿಯನ್ನು ಮಾತ್ರ ಹಿಂದಿನ ರಾತ್ರಿಯೇ ನೆನೆಹಾಕು. ಮರೆತರೆ ಗ್ಯಾಸ್ ಖರ್ಚು ಬೇಳೆ ಉಳಿತಾಯವನ್ನು ತಿನ್ನುತ್ತದೆ.

• ಒಟ್ಟಿಗೆ ತರುವ ಮಾತು. ಕೆಡದೆ ಇರುವುದನ್ನು, ಅದೂ ಹೊಸ ಮಾಲು ಬಂದಾಗ ತಂದರೆ ಮಾತ್ರ ಲಾಭ. ಕಲಬುರಗಿ ಕಡೆ ತೊಗರಿ ಕೊಯ್ಲು ಡಿಸೆಂಬರ್, ಜನವರಿಯಲ್ಲಿ. ಸಾಮಾನ್ಯವಾಗಿ ಅದಾದ ಮೇಲೆ ಬೇಳೆ ಸ್ವಲ್ಪ ಇಳಿಯುತ್ತದೆ, ಬೇಗ ಬೇಯುತ್ತದೆ ಕೂಡ. ಆಗ ಮೂರು ತಿಂಗಳಿಗಾಗುವಷ್ಟು ತಂದು ಒಂದು ದಿನ ಬಿಸಿಲಿಗೆ ಹರಡು. ಆರಿದ ಮೇಲೆ ಕೆ.ಜಿ.ಗೆ ಒಂದು ಸಣ್ಣ ಚಮಚ ಹರಳೆಣ್ಣೆ ಹಾಕಿ ಅಂಗೈಯಲ್ಲಿ ಉಜ್ಜಿ ಡಬ್ಬಿಗೆ ತುಂಬು. ಬಿಸಿಬಿಸಿಯಾಗಿ ತುಂಬಿದರೆ ಒಳಗೆ ಬೆವರು ಕೂತು ಬೂಸ್ಟು ಹಿಡಿಯುತ್ತದೆ. ಅಡುಗೆಗೆ ಹಾಕುವಾಗ ಬಿಸಿನೀರಿನಲ್ಲಿ ಎರಡು ಸಲ ತೊಳೆ, ಎಣ್ಣೆ ಹೋಗುತ್ತದೆ.

ಒಣಮೆಣಸಿನಕಾಯಿಯೂ ಹಾಗೇ, ಬ್ಯಾಡಗಿ ಸಂತೆಗೆ ಹೊಸ ಕಾಯಿ ತುಂಬುವ ತಿಂಗಳು ನೋಡಿಕೊಂಡು ತಾ. ಮುರಿದಾಗ ಟಕ್ ಅನ್ನಬೇಕು. ಬಾಗಿದರೆ ತೇವ ಇದೆ, ಬೂಸ್ಟು ಬರುತ್ತದೆ.

• ಅಕ್ಕಿ ಚೀಲದ ಮೇಲೆ 26 ಕೆ.ಜಿ. ಅಂತ ಇರುವುದನ್ನು ನೋಡಿ ಒಂದು ಕೆ.ಜಿ. ಬಿಟ್ಟಿ ಅಂದುಕೊಂಡೆಯಾ? 2022ರ ಜುಲೈಯಿಂದ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಜಿಎಸ್‌ಟಿ ಬಿತ್ತು. ಅದನ್ನು ತಪ್ಪಿಸಲು ಮಿಲ್ಲಿನವರು ಇನ್ನೊಂದು ಕೆ.ಜಿ. ಸೇರಿಸಿದರು. ಹಾಗಾಗಿ ಎರಡು ಅಂಗಡಿಯ ಬೆಲೆ ಹೋಲಿಸುವಾಗ ಚೀಲದ ಬೆಲೆ ನೋಡಬೇಡ, ಅದನ್ನು ಚೀಲದ ಮೇಲಿನ ತೂಕದಿಂದ ಭಾಗಿಸು. ಎಣ್ಣೆಯಲ್ಲೂ ಇದೇ ಎಚ್ಚರ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಅಷ್ಟೇ ದಪ್ಪಗಿರುವ ಪ್ಯಾಕೆಟ್ ತಿರುಗಿಸಿದರೆ 850 ಅಂತಲೋ 800 ಅಂತಲೋ ಇರುತ್ತದೆ. ಕನ್ನಡಕ ಹಾಕಿಕೊಂಡು ಹೋಗುವವಳು ನಾನು, ನಿನಗೇನು ಕಷ್ಟ.

• ಹಿಟ್ಟು, ರವೆ, ಕಡಲೆಕಾಯಿಬೀಜ, ಕೊಬ್ಬರಿ, ಸಾರಿನ ಪುಡಿ ಇವನ್ನು ಒಟ್ಟಿಗೆ ತರಬೇಡ. ಒಮ್ಮೆ ಮಳೆಗಾಲದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹತ್ತು ಕೆ.ಜಿ. ಗೋಧಿಹಿಟ್ಟು ಹೊತ್ತುತಂದೆ. ಐದನೇ ವಾರ ಡಬ್ಬಿಗೆ ಕೈ ಹಾಕಿದರೆ ಹಿಟ್ಟು ಉಂಡೆಯುಂಡೆಯಾಗಿ ಜೇಡರ ಬಲೆಯಂಥ ನೂಲಿಗೆ ಜೋತುಬಿದ್ದಿತ್ತು. ಜರಡಿ ಹಿಡಿದು ಉಳಿಸೋಣ ಅಂತ ಅರ್ಧ ದಿನ ಕೂತೆ. ಸಾಲದ್ದಕ್ಕೆ ಪಕ್ಕದ ರವೆಗೂ ಹತ್ತಿತ್ತು. ನಿಮ್ಮ ದೊಡ್ಡಪ್ಪ ಅದನ್ನು ಈಗಲೂ ಬಿಡದೆ ನೆನಪಿಸುತ್ತಾರೆ. ಕಡಲೆಕಾಯಿಬೀಜ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ, ಎರಡು ಬೀಜ ಅಗಿದು ನೋಡು, ಕನರು ಕಹಿ ಇದ್ದರೆ ಮುಗಿಯಿತು. ರವೆ ಮಾತ್ರ ತಂದ ದಿನವೇ ಹುರಿದಿಟ್ಟರೆ ತಿಂಗಳು ತಡೆಯುತ್ತದೆ.

• ತರಕಾರಿ ವಾರಕ್ಕೆ ಎರಡು ಸಲ. ಇಷ್ಟೇ.

• ಫ್ರಿಜ್ಜಿನ ಬಾಗಿಲಿಗೆ ಒಂದು ಕ್ಯಾಲೆಂಡರ್ ಹಾಳೆ ಅಂಟಿಸಿ, ಎಸೆದದ್ದನ್ನು ಎಸೆದ ದಿನವೇ ಬೆಲೆ ಸಮೇತ ಬರೆ. ಕೊಳೆತ ಕೊತ್ತಂಬರಿ ಕಟ್ಟು 20, ಹುಳಿಯಾದ ಮೊಸರು 30, ಬಾಡಿದ ಅರ್ಧ ಎಲೆಕೋಸು 15. ತಿಂಗಳ ಕೊನೆಗೆ ಯಾವ ಹೆಸರು ಮೂರು ಸಲ ಬಂದಿದೆಯೋ ಅದನ್ನು ಅರ್ಧ ತಾ. ಗಂಡನನ್ನೂ ಅತ್ತೆಯನ್ನೂ ಆ ಹಾಳೆಯ ಮುಂದೆ ನಿಲ್ಲಿಸಬೇಡ, ಅದು ನಿನ್ನ ಲೆಕ್ಕಕ್ಕೆ.

ಕೊತ್ತಂಬರಿಯನ್ನು ತೊಳೆದು ಇಡುವುದೇ ನಿನ್ನ ತಪ್ಪು. ಬೇರು ಕತ್ತರಿಸಿ, ಒಣಗಿದ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕು, ಬೇಕಾದಾಗ ತೊಳೆ. ದಂಟನ್ನು ಸಾರಿಗೆ ಹಾಕು. ಈರುಳ್ಳಿ ಬುಟ್ಟಿಯನ್ನೂ ಆಲೂಗಡ್ಡೆ ಬುಟ್ಟಿಯನ್ನೂ ದೂರ ಇಡು, ಒಟ್ಟಿಗಿದ್ದರೆ ಎರಡೂ ಬೇಗ ಕೆಡುತ್ತವೆ. ರಾತ್ರಿ ಅನ್ನ ಮಿಕ್ಕರೆ ಪಾತ್ರೆಯಲ್ಲೇ ಬಿಡಬೇಡ, ಅಗಲ ತಟ್ಟೆಗೆ ಹರಡಿ ಬೇಗ ತಣಿಸಿ ಫ್ರಿಜ್ಜಿಗಿಡು, ಬೆಳಗ್ಗೆ ಚಿತ್ರಾನ್ನ. ರಾತ್ರಿಯಿಡೀ ಒಲೆಯ ಪಕ್ಕ ಕೂತ ಅನ್ನವನ್ನು ಉಳಿತಾಯದ ಹೆಸರಿನಲ್ಲಿ ಮಗುವಿಗೆ ಕೊಡಬೇಡ, ಹೊಟ್ಟೆ ಕೆಟ್ಟರೆ ಡಾಕ್ಟರ ಫೀಸು ಯಾವ ಸಾಲಿನಲ್ಲಿ ಬರೆಯುತ್ತೀಯ?

• ಟೊಮೆಟೊ. 2023ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕೆ.ಜಿ.ಗೆ ನೂರು ದಾಟಿದಾಗ ನೀನು ಅತ್ತಿದ್ದೆ. ನಮ್ಮ ಮನೆಯಲ್ಲಿ ಆ ತಿಂಗಳು ಹುಣಸೆಹುಳಿ, ಗೊಜ್ಜು, ನಿಂಬೆಹಣ್ಣಿನ ಸಾರು ಮಾಡಿಕೊಂಡಿದ್ದೆವು. ಬೆಲೆ ಏರಿದ್ದನ್ನು ಬಿಟ್ಟು ಅದೇ ಹುಳಿ ಕೊಡುವ ಇನ್ನೊಂದನ್ನು ಹಿಡಿಯಬೇಕು. ಅದಕ್ಕೆ ಹುಣಸೆಹಣ್ಣು ಮನೆಯಲ್ಲಿರಬೇಕು. ಮಾರ್ಚ್ ಹೊತ್ತಿಗೆ ಇಲ್ಲಿ ಹೊಸಹಣ್ಣು ಬರುತ್ತದೆ. ಬೀಜ, ನಾರು ಬಿಡಿಸಿ, ಉಪ್ಪು ಬೆರೆಸಿ ಭರಣಿಯಲ್ಲಿ ಒತ್ತಿಟ್ಟರೆ ವರ್ಷ ಬರುತ್ತದೆ. ನಿನ್ನ ಪಾಲಿಗೆ ಎರಡು ಕೆ.ಜಿ. ಹೇಳಿಟ್ಟಿದ್ದೇನೆ. ಆದರೆ ಬೀಜ ಬಿಡಿಸಲು ನೀನೇ ಬರಬೇಕು, ನನ್ನ ಬೆರಳು ಈಗ ಮೊದಲಿನಂತೆ ಓಡುವುದಿಲ್ಲ.