ಉದ್ಯೋಗ ಒಪ್ಪಿಗೆಯ ಇ-ಮೇಲ್: ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ

ಆಫರ್ ಲೆಟರ್ ಬಂದಾಗ ಮನೆಯವರು ಮೊದಲು ನೋಡುವುದು ವಾರ್ಷಿಕ ಮೊತ್ತವನ್ನು. ವರ್ಷಕ್ಕೆ 3.6 ಲಕ್ಷ ಸಿಟಿಸಿ ಎಂದರೆ ತಿಂಗಳಿಗೆ 30,000 ಕೈಗೆ ಬರುತ್ತದೆ ಎಂದಲ್ಲ. ಮೂಲ ವೇತನ 15,000 ಇದ್ದರೆ, ಕಂಪನಿ ಕಟ್ಟುವ ಪಿ.ಎಫ್. 1,800 ಮತ್ತು ಗ್ರಾಚ್ಯುಟಿಯ ಸುಮಾರು 720 ಅದರಲ್ಲೇ ಸೇರಿರುತ್ತವೆ. ನೌಕರರ ಪಾಲಿನ ಪಿ.ಎಫ್. 1,800, ವೃತ್ತಿ ತೆರಿಗೆ 200 ಕಳೆದರೆ ಉಳಿಯುವುದು ಸುಮಾರು 25,500. ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕಟ್ಟಿ ಮನೆಗೂ ಕಳುಹಿಸಬೇಕಾದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ಕೈಗೆ ಬರುವ ಸಂಬಳವನ್ನು ಒಪ್ಪುವ ಮೊದಲೇ ಕೇಳಿ ಎನ್ನುತ್ತೇವೆ.

ಸೇರುವ ದಿನ ಜೂನ್ 16 ಎಂದಿದ್ದು, ಪರೀಕ್ಷೆ ಮುಗಿಯುವುದು 25ಕ್ಕೆ ಎಂದಾದರೆ ‘ಒಪ್ಪಿದ್ದೇನೆ, ಆದರೆ...’ ಎಂದು ಬರೆಯಬೇಡಿ. 1872ರ ಕರಾರು ಕಾಯ್ದೆಯಂತೆ ಒಪ್ಪಿಗೆಗೆ ಷರತ್ತು ಇರಬಾರದು. ಮೊದಲು ದಿನಾಂಕ ತಿದ್ದಿದ ಪತ್ರ ಕೇಳಿ. ಫೋನಿನಲ್ಲಿ ‘ಪರವಾಗಿಲ್ಲ’ ಎಂದರೂ ಅದು ಮೇಲ್‌ನಲ್ಲಿ ಬರಲಿ. ಬಂದ ಮೇಲೆ ಅದೇ ಮೇಲ್‌ಗೆ ಉತ್ತರಿಸಿ:

‘ತಾವು ಕಳುಹಿಸಿದ ತಿದ್ದುಪಡಿ ಪತ್ರದಂತೆ, ಬೆಂಗಳೂರು ಕಚೇರಿಯ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಯನ್ನು ವಾರ್ಷಿಕ 3,60,000 ರೂ. ಸಿಟಿಸಿಗೆ ಒಪ್ಪಿದ್ದೇನೆ. ಜುಲೈ 1ರಂದು ಕೆಲಸಕ್ಕೆ ಹಾಜರಾಗುತ್ತೇನೆ. ಸಹಿ ಮಾಡಿದ ಪ್ರತಿ ಲಗತ್ತಿಸಿದ್ದೇನೆ.’

ಇದನ್ನು ಇಂಗ್ಲಿಷಿನಲ್ಲಿ ಬರೆಯಲು ನೆರವು ಬೇಕಿದ್ದರೆ, ಪತ್ರದೊಂದಿಗೆ ನಮ್ಮ ಕಚೇರಿಗೆ ಬನ್ನಿ. ಜುಮಾ ನಮಾಜಿನ ಹೊತ್ತು ಮಾತ್ರ ಬಾಗಿಲು ಮುಚ್ಚಿರುತ್ತದೆ.